ಒಬ್ಬ ಹೊಸ ಗಿರಾಕಿಗೆ ಎಷ್ಟು ಬಿತ್ತು? ಸಣ್ಣ ಆ್ಯಡ್‌ನ ಲೆಕ್ಕ ಮತ್ತು ನಿಲ್ಲಿಸುವ ಹೊತ್ತು

ಧಾರವಾಡದಲ್ಲಿ ನಮ್ಮ ವೈನಿ ಮನೆಯಲ್ಲೇ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಜೊತೆಗೆ ಖಡಕ್ ರೊಟ್ಟಿ. ಬೆಂಗಳೂರು, ಮೈಸೂರಿಗೆ ಹೋಗಿ ನೆಲೆಸಿದ ನಮ್ಮ ಕಡೆಯವರು ಒಬ್ಬರಿಂದ ಒಬ್ಬರು ಕೇಳಿ ತರಿಸಿಕೊಳ್ಳುತ್ತಿದ್ದರು. ಮೊದಲ ಸಲ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ದುಡ್ಡು ಕೊಟ್ಟು ಆ್ಯಡ್ ಹಾಕಿದಾಗ ದಿನಕ್ಕೆ ₹200ರಂತೆ 14 ದಿನ ಓಡಿಸಿದೆವು. ಆ್ಯಡ್ ಒತ್ತಿದರೆ ನೇರ ವೈನಿಯ ವಾಟ್ಸಾಪ್ ತೆರೆಯುವ ಥರದ್ದು.

ಹದಿನೈದನೇ ದಿನ ವೈನಿ ಫೋನ್ ಹಿಡಿದುಕೊಂಡು ಬಂದರು. “ತೊಂಬತ್ನಾಕು ಮಂದಿ ಮೆಸೇಜ್ ಹಾಕ್ಯಾರ ನೋಡಪಾ. ಒಬ್ಬರಿಗೆ ಮೂವತ್ತ ರೂಪಾಯಿನೂ ಬಿದ್ದಿಲ್ಲ. ಚಲೋ ಆತಲ್ಲ?”

“ವೈನಿ, ಅವರು ಕೇಳಿದವರು. ಕೊಂಡವರು ಎಷ್ಟು ಮಂದಿ ನೋಡೋಣ್ರಿ” ಅಂದೆ.

ಆ ಸಂಜೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅವರ ನೋಟ್‌ಬುಕ್, ನನ್ನ ಪೆನ್ನು. ಫೋನಿನ ಪರದೆ ₹29.79 ಎನ್ನುತ್ತಿತ್ತು. ನಮ್ಮ ಲೆಕ್ಕದಲ್ಲಿ ಒಬ್ಬ ಹೊಸ ಗಿರಾಕಿಗೆ ₹304 ಬಿದ್ದಿತ್ತು. ಎರಡೂ ಸುಳ್ಳಲ್ಲ. ಪರದೆ ಮೇಲಿನ Cost per result ಒಂದು ಮೆಸೇಜಿನ ಖರ್ಚು ಹೇಳುತ್ತದೆ, ಗಿರಾಕಿಯ ಖರ್ಚನ್ನಲ್ಲ. ಗಿರಾಕಿಯ ಖರ್ಚನ್ನು ನಾವೇ ತೆಗೆಯಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು: ಒಂದು ಆರ್ಡರ್‌ನಲ್ಲಿ ಕೈಯಲ್ಲಿ ಉಳಿಯುವುದೆಷ್ಟು

ಆ್ಯಡ್ ಹಾಕುವ ಮುಂಚೆಯೇ ಇದು ಗೊತ್ತಿರಬೇಕು. ವೈನಿಯ ಒಂದು ಪಾರ್ಸಲ್ ಅಂದರೆ ಮೂರು ಬಗೆಯ ಚಟ್ನಿಪುಡಿ ಮತ್ತು ಒಂದು ಕಟ್ಟು ರೊಟ್ಟಿ, ಕೊರಿಯರ್ ಸೇರಿ ₹620. ಸಾಮಾನಿಗೆ ₹215. ಕವರ್, ರಟ್ಟಿನ ಡಬ್ಬಿ, ಲೇಬಲ್, ಟೇಪ್ ಎಲ್ಲಾ ಸೇರಿ ₹40. ಕೊರಿಯರ್ ₹95. ರೊಟ್ಟಿ ಬಡಿಯಲು ಬರುವ ಅಕ್ಕನಿಗೆ ಪಾರ್ಸಲ್ ಲೆಕ್ಕದಲ್ಲಿ ₹60. ಆಗಾಗ ರೊಟ್ಟಿ ಪುಡಿಯಾಗಿ ತಲುಪುತ್ತದೆ, ಮತ್ತೆ ಕಳಿಸಬೇಕಾಗುತ್ತದೆ. ಅದಕ್ಕೆ ಪ್ರತಿ ಪಾರ್ಸಲ್ ಮೇಲೆ ₹10 ಹಿಡಿದೆವು. ಒಟ್ಟು ₹420. ಉಳಿಯುವುದು ₹200.

ಮನೆ ಬಾಡಿಗೆ, ಮಿಕ್ಸರ್‌ನ ಬೆಲೆ ಇದರಲ್ಲಿ ಸೇರಿಸಬೇಡಿ. ಒಂದು ಪಾರ್ಸಲ್ ಜಾಸ್ತಿ ಹೋದರೆ ಜಾಸ್ತಿಯಾಗುವ ಖರ್ಚು ಮಾತ್ರ ಇಲ್ಲಿ ಬರಬೇಕು. ಆದರೆ ಕೂಲಿಯನ್ನು ಮಾತ್ರ ಬಿಡಬೇಡಿ. ಮನೆಯವರೇ ಮಾಡುತ್ತಾರೆ ಅಂತ ಸುಮ್ನೆ ಬಿಟ್ಟರೆ ₹200 ಇದ್ದದ್ದು ₹260 ಆಗಿ ಕಾಣುತ್ತದೆ. ನಾಳೆ ಆರ್ಡರ್ ಜಾಸ್ತಿಯಾಗಿ ಆಳು ಇಟ್ಟುಕೊಂಡ ದಿನ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಯಾರು ಆ್ಯಡ್ ನೋಡಿ ಬಂದರು ಅಂತ ಗುರುತು ಹಾಕುವುದು

ಆ್ಯಡ್ ಒತ್ತಿ ಬಂದವರ ಮೊದಲ ಮೆಸೇಜಿನ ಜೊತೆ ಆ ಆ್ಯಡ್‌ನ ಸಣ್ಣ ಚಿತ್ರ ಕಾಣುತ್ತದೆ. ಅದನ್ನು ನೋಡಿದ ಕೂಡಲೇ ವಾಟ್ಸಾಪ್ ಬಿಸಿನೆಸ್‌ನಲ್ಲಿ ಆ ಚಾಟ್‌ಗೆ ಒಂದು ಲೇಬಲ್ ಹಾಕಿಬಿಡಿ. ವೈನಿ ‘ಆ್ಯಡ್ 1’ ಅಂತ ಹೆಸರಿಟ್ಟುಕೊಂಡರು. ದುಡ್ಡು ಬಂದ ಮೇಲೆ ಇನ್ನೊಂದು ಲೇಬಲ್, Paid. ಎರಡೂ ಲೇಬಲ್ ಇರುವ ಚಾಟ್‌ಗಳನ್ನು ಎಣಿಸಿದರೆ ಆಯಿತು.

ಜೊತೆಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ತಾರೀಖು, ಫೋನ್ ನಂಬರ್, ಎಷ್ಟು ದುಡ್ಡು, ಹೊಸಬರೋ ಹಳಬರೋ. ಕೊನೆಯದು ಬಹಳ ಮುಖ್ಯ. ಯಾಕೆಂದರೆ ನಿಮ್ಮ ಹಳೇ ಗಿರಾಕಿಗಳೂ ಆ್ಯಡ್ ನೋಡುತ್ತಾರೆ, ಒತ್ತುತ್ತಾರೆ, ಆರ್ಡರ್ ಕೊಡುತ್ತಾರೆ. ಆ್ಯಡ್ ಇಲ್ಲದಿದ್ದರೂ ಅವರು ಇಂದಲ್ಲ ನಾಳೆ ತರಿಸಿಕೊಳ್ಳುತ್ತಿದ್ದರು ಅಲ್ವಾ? ಅವರನ್ನು ಹೊಸಬರ ಲೆಕ್ಕಕ್ಕೆ ಸೇರಿಸಿದರೆ ಖರ್ಚು ಕಡಿಮೆ ಬಿದ್ದ ಹಾಗೆ ಕಾಣುತ್ತದೆ, ಅಷ್ಟೇ.

ಆ 94ರಲ್ಲಿ 41 ಮಂದಿಯದ್ದು ಒಂದೇ ಮೆಸೇಜ್. ಆ್ಯಡ್ ಒತ್ತಿದರೆ ವಾಟ್ಸಾಪ್‌ನಲ್ಲಿ ಮೊದಲೇ ಬರೆದಿಟ್ಟ ಒಂದು ಸಾಲು ಸಿದ್ಧವಾಗಿರುತ್ತದೆ, ಕಳಿಸಿದರೆ ಮುಗಿಯಿತು. ವೈನಿ ಉತ್ತರ ಕೊಟ್ಟ ಮೇಲೆ ಅವರು ಮತ್ತೆ ಮಾತಾಡಲಿಲ್ಲ. ಉಳಿದ 53 ಮಂದಿ ದರ ಕೇಳಿದರು, ಖಾರ ಎಷ್ಟು ಅಂತ ವಿಚಾರಿಸಿದರು. ದುಡ್ಡು ಹಾಕಿದವರು 19. ಅದರಲ್ಲಿ 4 ನಂಬರ್ ಹಳೇ ನೋಟ್‌ಬುಕ್ಕಿನಲ್ಲೇ ಇದ್ದವು. ಹೊಸಬರು 15.

ಖರ್ಚನ್ನು ಪೂರ್ತಿ ಕೂಡಿಸುವುದು

ಪರದೆ ಮೇಲಿನ Amount spent ₹2,800 ತೋರಿಸುತ್ತಿತ್ತು. ಅದರಲ್ಲಿ ತೆರಿಗೆ ಸೇರಿರುವುದಿಲ್ಲ. ನಮ್ಮ ದೇಶದಲ್ಲಿ ಆ್ಯಡ್ ಮೇಲೆ 18% ಜಿಎಸ್‌ಟಿ ಇದೆ, ಅಂದರೆ ಇನ್ನೂ ₹504. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಸರಿಯಾದ ಬಿಲ್ ಇಟ್ಟುಕೊಂಡರೆ ಇದನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ವೈನಿಯಂಥ ನೋಂದಣಿ ಇಲ್ಲದವರಿಗೆ ಅದು ಪೂರ್ತಿ ಖರ್ಚೇ. ಅನುಮಾನ ಇದ್ದರೆ ಆ್ಯಡ್ ಪರದೆ ಬಿಟ್ಟು ಬ್ಯಾಂಕ್ ಪಾಸ್‌ಬುಕ್ ನೋಡಿ. ಅಲ್ಲಿಂದ ಎಷ್ಟು ಹೋಗಿದೆಯೋ ಅದೇ ಖರ್ಚು.

ಆ್ಯಡ್‌ನ ಪೋಸ್ಟರ್ ಮಾಡಿಸಿದ್ದಕ್ಕೆ ₹500 ಕೊಟ್ಟಿದ್ದೆವು. ಆಮೇಲೆ ಎಲ್ಲರೂ ಮರೆಯುವ ಒಂದು ಬಾಬ್ತು ಇದೆ, ರಿಯಾಯಿತಿ. ‘ಮೊದಲ ಆರ್ಡರ್‌ಗೆ ₹40 ಕಡಿಮೆ’ ಅಂತ ಆ್ಯಡ್‌ನಲ್ಲೇ ಹಾಕಿದ್ದೆವು. ಹೊಸಬರನ್ನು ಕರೆಯಲು ಕೊಟ್ಟ ದುಡ್ಡು ಅದು, ಆದ್ದರಿಂದ ಅದೂ ಆ್ಯಡ್ ಖರ್ಚೇ. 15 ಮಂದಿಗೆ ₹600. ಇಷ್ಟೇ ಅಲ್ಲ. ಹಳಬರು 4 ಮಂದಿಗೂ ವೈನಿ ಗಮನಿಸದೆ ಅದೇ ರಿಯಾಯಿತಿ ಕೊಟ್ಟಿದ್ದರು, ₹160. ಪೂರ್ತಿ ದುಡ್ಡು ಕೊಡುತ್ತಿದ್ದವರಿಗೆ ನಾವೇ ಕಡಿಮೆ ಮಾಡಿಕೊಟ್ಟ ಹಾಗಾಯಿತು.

ಎಲ್ಲಾ ಕೂಡಿಸಿ ಭಾಗಿಸಿದೆವು:

```
2800 + 504 + 500 + 600 + 160 = 4564
4564 ÷ 15 = 304
```

ಒಬ್ಬ ಹೊಸ ಗಿರಾಕಿಗೆ ₹304. ಮೊದಲ ಆರ್ಡರ್‌ನಲ್ಲಿ ಉಳಿದದ್ದು ₹200. ಅಂದರೆ ಪ್ರತಿ ಹೊಸ ಗಿರಾಕಿಯ ಮೇಲೆ ₹104 ಕೈಯಿಂದ ಹೋಗಿದೆ.

ಎಷ್ಟರವರೆಗೆ ಕೊಡಬಹುದು

₹104 ಹೋಯಿತು ಅಂದಾಕ್ಷಣ ನಷ್ಟ ಅನ್ನುವ ಹಾಗಿಲ್ಲ. ಚಟ್ನಿಪುಡಿ ಖಾಲಿಯಾಗುವ ಸಾಮಾನು, ರುಚಿ ಹತ್ತಿದವರು ಮತ್ತೆ ತರಿಸುತ್ತಾರೆ. ಹಾಗಂತ “ಮುಂದ ಬಂದಾ ಬರ್ತಾರ” ಅನ್ನೋ ನಂಬಿಕೆ ಮೇಲೆ ದುಡ್ಡು ಸುರಿಯೋದೂ ಸರಿಯಲ್ಲ. ಹಳೇ ನೋಟ್‌ಬುಕ್ ತೆಗೆದರೆ ಉತ್ತರ ಅಲ್ಲೇ ಇರುತ್ತದೆ.

ನಾವು ದಸರಾ ತಿಂಗಳಲ್ಲಿ ಮೊದಲ ಸಲ ತರಿಸಿಕೊಂಡ 40 ಮಂದಿಯನ್ನು ತೆಗೆದುಕೊಂಡೆವು. ಅವರಲ್ಲಿ ಪ್ರತಿಯೊಬ್ಬರಿಗೂ ಮೊದಲ ಆರ್ಡರ್ ಆಗಿ 90 ದಿನ ಪೂರ್ತಿ ಕಳೆದಿತ್ತು. ಹೋದ ವಾರ ಬಂದವರನ್ನು ಇದಕ್ಕೆ ಸೇರಿಸಬಾರದು, ಅವರಿಗೆ ಮತ್ತೆ ತರಿಸಲು ಇನ್ನೂ ಸಮಯವೇ ಸಿಕ್ಕಿಲ್ಲ. ಈ 40 ಮಂದಿಯಲ್ಲಿ 14 ಜನ ಮತ್ತೆ ತರಿಸಿದ್ದರು, ಒಟ್ಟು 22 ಆರ್ಡರ್. ಒಂದೊಂದಕ್ಕೆ ₹200ರಂತೆ ₹4,400 ಉಳಿದಿದೆ. 40 ಮಂದಿಗೆ ಹಂಚಿದರೆ ತಲಾ ₹110. ಮೊದಲ ಆರ್ಡರ್‌ನ ₹200 ಸೇರಿಸಿದರೆ ₹310.

90 ದಿನವೇ ಯಾಕೆ? ನಿಮ್ಮ ದುಡ್ಡು ಎಷ್ಟು ದಿನ ಸಿಕ್ಕಿಹಾಕಿಕೊಂಡರೆ ತಡೆಯುತ್ತೀರಿ ಅನ್ನೋದೇ ಇಲ್ಲಿ ಅಳತೆ. ವೈನಿ ಶೇಂಗಾ ಮೂಟೆಗೆ ದುಡ್ಡು ಹೊಂದಿಸಬೇಕು, ಒಂದು ವರ್ಷ ಕಾಯಲು ಆಗುವುದಿಲ್ಲ. ಮೂರು ತಿಂಗಳು ತಡೆಯಬಹುದು ಅಂದರು.

₹310 ಬರುತ್ತದೆ, ₹304 ಖರ್ಚಾಗಿದೆ, ಸರಿಹೋಯಿತು ಅನ್ನಿಸಬಹುದು. ಇಲ್ಲಿ ಒಂದು ತೊಡಕಿದೆ. ಆ 40 ಮಂದಿ ಯಾರದೋ ಮನೆಯಲ್ಲಿ ಉಂಡು, ರುಚಿ ನೋಡಿ, ನಂಬರ್ ಕೇಳಿ ಬಂದವರು. ಆ್ಯಡ್ ನೋಡಿ ಬಂದವರಿಗೆ ಆ ನಂಟು ಇರುವುದಿಲ್ಲ. ಅವರು ಮತ್ತೆ ತರಿಸುವುದು ಕಡಿಮೆ ಅಂತಲೇ ಹಿಡಿಯಬೇಕು. ನಿಜವಾದ ಅಂಕಿ ಸಿಗುವವರೆಗೆ ನಾವು ₹110ರಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆವು, ₹55. ಹಾಗೆ ಮಿತಿ ₹255 ಆಯಿತು. ಒಬ್ಬ ಹೊಸ ಗಿರಾಕಿಗೆ ಅದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಕೊಡುವ ಹಾಗಿಲ್ಲ. ಆ ಅಂಕಿಯನ್ನು ವೈನಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಿಂದ ಬರೆದಿಟ್ಟರು. ಒಂದು ಸಲ ಮಾತ್ರ ಮಾರುವಂಥ ವ್ಯಾಪಾರ ನಿಮ್ಮದಾದರೆ, ಉದಾಹರಣೆಗೆ ಮದುವೆ ಆಲ್ಬಂ, ಮತ್ತೆ ಬರುವವರ ಲೆಕ್ಕವೇ ಇಲ್ಲ. ಮೊದಲ ಆರ್ಡರ್‌ನಲ್ಲಿ ಉಳಿಯುವುದೇ ನಿಮ್ಮ ಮಿತಿ.

ಯಾವಾಗ ನಿಲ್ಲಿಸಬೇಕು

ನಿಲ್ಲಿಸುವ ನಿಯಮವನ್ನು ಆ್ಯಡ್ ಶುರು ಮಾಡುವ ಮುಂಚೆ ಬರೆದಿಡಿ. ಓಡುತ್ತಿರುವಾಗ ಬರೆಯಲು ಹೋದರೆ “ಇನ್ನೆರಡು ದಿನ ನೋಡೋಣ” ಅಂತ ಮನಸ್ಸು ಎಳೆಯುತ್ತದೆ. ನಾನು ಮೂರು ಕಡೆ ಗೆರೆ ಹಾಕುತ್ತೇನೆ.

ಮೊದಲನೆಯದು, ಒಬ್ಬರೂ ಬರದಿದ್ದಾಗ. ಮಿತಿಯ ಮೂರು ಪಟ್ಟು ಖರ್ಚಾಗಿ ಒಬ್ಬ ಹೊಸ ಗಿರಾಕಿಯೂ ಸಿಗದಿದ್ದರೆ ಆ ಆ್ಯಡ್ ಬಂದ್. ವೈನಿಗೆ ಅದು ₹765. ದಿನಕ್ಕೆ ₹200 ಮತ್ತು ತೆರಿಗೆ ಸೇರಿ ₹236 ಆಗುವುದರಿಂದ ಮೂರು ದಿನ ದಾಟಿದ ಹಾಗೆಯೇ ಬಂದುಬಿಡುತ್ತದೆ. ಮೂರು ಪಟ್ಟು ಯಾಕೆ? ಆ್ಯಡ್ ನಿಜವಾಗಿಯೂ ₹255ಕ್ಕೆ ಒಬ್ಬರನ್ನು ತರುವಂತಿದ್ದರೆ ₹765ರಲ್ಲಿ ಸರಾಸರಿ ಮೂವರು ಬರಬೇಕು. ಅಂಥ ಆ್ಯಡ್‌ಗೆ ಬರೀ ದುರದೃಷ್ಟದಿಂದ ಒಬ್ಬರೂ ಸಿಗದಿರುವುದು ನೂರಕ್ಕೆ ಐದು ಸಲ ಮಾತ್ರ. ಮಿತಿಯ ಒಂದೇ ಪಟ್ಟಿಗೆ ನಿಲ್ಲಿಸಿದರೆ ಆ ಸಂಭವ ನೂರಕ್ಕೆ ಮೂವತ್ತೇಳು, ಅಂದರೆ ಒಳ್ಳೇ ಆ್ಯಡನ್ನೂ ಕೊಂದುಬಿಡುತ್ತೀರಿ.

ಆದರೆ ಬಂದ್ ಮಾಡಿದ ದಿನವೇ ತೀರ್ಪು ಕೊಡಬೇಡಿ. ಇಂದು ಮೆಸೇಜ್ ಹಾಕಿದವರು ಸಂಬಳ ಬಂದ ಮೇಲೆ ದುಡ್ಡು ಹಾಕುತ್ತಾರೆ, ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನುತ್ತಾರೆ. ವೈನಿಯ 15 ಮಂದಿಯಲ್ಲಿ 6 ಜನ ದುಡ್ಡು ಹಾಕಿದ್ದು ಮೊದಲ ಮೆಸೇಜ್ ಆಗಿ ಮೂರು ದಿನ ಕಳೆದ ಮೇಲೆ. ಅದಕ್ಕೆ ಆ್ಯಡ್ ನಿಲ್ಲಿಸಿ ಒಂದು ವಾರ ಬಿಟ್ಟು ಎಣಿಸಬೇಕು. ಆ ವಾರದಲ್ಲಿ ಬಂದವರನ್ನೂ ಅದೇ ಆ್ಯಡ್‌ನ ಲೆಕ್ಕಕ್ಕೆ ಬರೆಯಬೇಕು.

ಎರಡನೆಯದು, ಗಿರಾಕಿ ಬರುತ್ತಿದ್ದರೂ ಖರ್ಚು ಮಿತಿ ಮೀರಿದಾಗ. ನಮಗೆ ಆದದ್ದು ಇದೇ, ₹304. ಇಂಥಾಗ ಒಂದು ಅವಕಾಶ ಕೊಡಬಹುದು. ಯಾಕೆ ಮೀರಿತು ಅಂತ ನೋಡಿ, ಸರಿಪಡಿಸಿ, ಇನ್ನೊಂದು ಸುತ್ತು ಅದೇ ಬಜೆಟ್‌ನಲ್ಲಿ ಓಡಿಸಿ. ಆಗಲೂ ಮೀರಿದರೆ ನಿಲ್ಲಿಸಿ. ಮೂರನೇ ಅವಕಾಶ ಬೇಡ.

ನಾವು ರಿಯಾಯಿತಿ ತೆಗೆದೆವು. ಪೋಸ್ಟರ್ ಮನೆಯಲ್ಲೇ ಮಾಡಿಕೊಂಡೆವು, ವೈನಿ ರೊಟ್ಟಿ ಮೇಲೆ ಶೇಂಗಾ ಚಟ್ನಿ, ಮೊಸರು ಹಾಕಿಟ್ಟ ತಾಟಿನ ಫೋಟೋ. ಅದರ ಮೇಲೆ ದೊಡ್ಡದಾಗಿ ‘₹620, ಕೊರಿಯರ್ ಸೇರಿ’ ಅಂತ ಬರೆದೆವು. ಮೊದಲ ಸಲ ದರ ಹಾಕಿರಲಿಲ್ಲ, 53 ಮಂದಿಯಲ್ಲಿ ಬಹುಪಾಲು ದರ ಕೇಳಿ ಸುಮ್ಮನಾಗಿದ್ದರು.

ಎರಡನೇ 14 ದಿನ, ಅದೇ ₹200. ಮೆಸೇಜ್ 94 ಇದ್ದದ್ದು 51ಕ್ಕೆ ಇಳಿಯಿತು. ಪರದೆ ಮೇಲಿನ ಖರ್ಚು ₹29.79 ಇದ್ದದ್ದು ₹54.90ಕ್ಕೆ ಏರಿತು. ವೈನಿಗೆ ಗಾಬರಿ. ಆದರೆ ದುಡ್ಡು ಹಾಕಿದವರು 18, ಹಳಬರು 2, ಹೊಸಬರು 16. ಖರ್ಚು ತೆರಿಗೆ ಸೇರಿ ₹3,304. ತಲಾ ₹206.50. ಪರದೆ ‘ಕೆಟ್ಟಿತು’ ಅನ್ನುತ್ತಿರುವಾಗ ನಿಜವಾದ ಲೆಕ್ಕ ಸುಧಾರಿಸಿತ್ತು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. 15 ಮತ್ತು 16ರ ನಡುವೆ ವ್ಯತ್ಯಾಸವೇ ಇಲ್ಲ ಅನ್ನಿ. ಇಷ್ಟು ಸಣ್ಣ ಅಂಕಿಯಲ್ಲಿ ನಾಲ್ಕೈದು ಮಂದಿ ಆಚೆ ಈಚೆ ಆಗುವುದು ಸಹಜ. ಖರ್ಚು ಇಳಿದದ್ದು ಮುಖ್ಯವಾಗಿ ರಿಯಾಯಿತಿ ಮತ್ತು ಪೋಸ್ಟರ್ ದುಡ್ಡು ಉಳಿದದ್ದರಿಂದ. ದರ ಹಾಕಿದ್ದರಿಂದ ಆದ ಲಾಭ ಬೇರೆ: ಕೊಳ್ಳುವವರು ಅಷ್ಟೇ ಬಂದರು, ಉತ್ತರ ಬರೆಯುವ ಕೆಲಸ ಅರ್ಧದಷ್ಟಾಯಿತು. ರಾತ್ರಿ ಹತ್ತಕ್ಕೆ ಕೂತು ದರ ಟೈಪ್ ಮಾಡುವುದು ತಪ್ಪಿತು. ಮೂರು ಬದಲಾವಣೆ ಒಟ್ಟಿಗೆ ಮಾಡಿದ್ದರಿಂದ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ಪಾಸ್‌ಬುಕ್ ಲೆಕ್ಕವೇ ಬೇಕಾಯಿತು. ನಿಮಗೆ ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಆ್ಯಡ್ ಓಡುತ್ತಿರುವಾಗ ದಿನಾ ಕೈ ಹಾಕುವುದೂ ಬೇಡ. ಫೋಟೋ, ಊರು, ಬಜೆಟ್ ದೊಡ್ಡದಾಗಿ ಬದಲಿಸಿದಾಗಲೆಲ್ಲ ಯಾರಿಗೆ ತೋರಿಸಬೇಕು ಅಂತ ಕಲಿಯುವುದನ್ನು ಅದು ಮೊದಲಿಂದ ಶುರು ಮಾಡುತ್ತದೆ. Learning limited ಅಂತ ಬರೆದು ಬಂದರೆ ಹೆದರಬೇಡಿ. ವಾರಕ್ಕೆ ಸುಮಾರು 50 ಮೆಸೇಜ್ ಬರದ ಸಣ್ಣ ಬಜೆಟ್‌ಗೆ ಅದು ಸಾಮಾನ್ಯ. ಆ ಬರಹ ಹೋಗಲಿ ಅಂತ ಬಜೆಟ್ ಏರಿಸಬೇಡಿ.

ಮೂರನೇ ಗೆರೆ: ಏರಿಸಿದ ದುಡ್ಡಿನ ಲೆಕ್ಕ

ಲಾಭದ ಆ್ಯಡ್‌ನಲ್ಲೇ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ₹206 ನೋಡಿ ವೈನಿಗೆ ಹುರುಪು ಬಂತು. ದಿನಕ್ಕೆ ₹400 ಮಾಡಿದರು. 14 ದಿನಕ್ಕೆ ತೆರಿಗೆ ಸೇರಿ ₹6,608. ಹೊಸ ಗಿರಾಕಿಗಳು 23. ತಲಾ ₹287.

ಮಿತಿಗಿಂತ ₹32 ಜಾಸ್ತಿ, ಸ್ವಲ್ಪ ತಾನೇ ಅನ್ನಿಸುತ್ತದೆ. ಆದರೆ ಸರಾಸರಿಯನ್ನು ಪಕ್ಕಕ್ಕಿಟ್ಟು ಏರಿಸಿದ ದುಡ್ಡನ್ನು ಮಾತ್ರ ನೋಡಿ. ಮೊದಲು ₹3,304ಕ್ಕೆ 16 ಮಂದಿ ಬರುತ್ತಿದ್ದರು. ಇನ್ನೂ ₹3,304 ಹಾಕಿದ್ದಕ್ಕೆ ಜಾಸ್ತಿ ಬಂದವರು 7 ಮಂದಿ.

```
3304 ÷ 7 = 472
```

ಆ ಏಳು ಮಂದಿಗೆ ತಲಾ ₹472 ಕೊಟ್ಟಿದ್ದೇವೆ. ಬರುವುದು ₹255. ಯಾಕೆ ಹೀಗೆ ಅಂದರೆ, ಬೇಗ ಕೊಳ್ಳುವಂಥವರಿಗೆ ಆ್ಯಡ್ ಮೊದಲು ತಲುಪುತ್ತದೆ. ಉತ್ತರ ಕರ್ನಾಟಕದ ಊಟ ಬಲ್ಲವರು, ಆನ್‌ಲೈನ್‌ನಲ್ಲಿ ತಿಂಡಿ ತರಿಸಿಕೊಳ್ಳುವವರು. ಅವರು ಮುಗಿದ ಮೇಲೆ ಅಷ್ಟೇನೂ ಆಸಕ್ತಿ ಇಲ್ಲದವರಿಗೆ ತೋರಿಸಬೇಕು, ಇಲ್ಲವೇ ತೋರಿಸಿದವರಿಗೇ ಮತ್ತೆ ತೋರಿಸಬೇಕು. Frequency ಅನ್ನೋ ಅಂಕಿ ಒಬ್ಬರು ಸರಾಸರಿ ಎಷ್ಟು ಸಲ ನೋಡಿದರು ಅಂತ ಹೇಳುತ್ತದೆ. ಅದು ವಾರದಿಂದ ವಾರಕ್ಕೆ ಏರುತ್ತಾ, ಹೊಸ ಗಿರಾಕಿಗಳು ಇಳಿಯುತ್ತಾ ಹೋದರೆ ಅದೇ ಜನಕ್ಕೆ ಸುತ್ತುತ್ತಿದೆ ಅಂತ ತಿಳಿಯಿರಿ.

ಆದ್ದರಿಂದ ಬಜೆಟ್ ಏರಿಸಿದಾಗ ಪ್ರತಿ ಸಲವೂ ಈ ಒಂದು ಪ್ರಶ್ನೆ ಕೇಳಬೇಕು: ಜಾಸ್ತಿ ಹಾಕಿದ ದುಡ್ಡಿಗೆ ಜಾಸ್ತಿ ಬಂದವರು ತಲಾ ಎಷ್ಟಕ್ಕೆ ಬಿದ್ದರು? ಅದು ಮಿತಿ ದಾಟಿದರೆ ಹಳೇ ಬಜೆಟ್‌ಗೆ ವಾಪಸ್. ನಾವು ₹200ಕ್ಕೆ ಇಳಿಸಿದೆವು. ಏರಿಸುವುದಿದ್ದರೂ ಒಮ್ಮೆಗೇ ದುಪ್ಪಟ್ಟು ಮಾಡುವ ಬದಲು ₹200ರಿಂದ ₹250 ಅಂತ ಹೋಗಿದ್ದರೆ ಇಷ್ಟು ಕಳೆದುಕೊಳ್ಳುತ್ತಿರಲಿಲ್ಲ.

ರೊಟ್ಟಿ ಬಡಿಯುವ ಕೈ ಎಷ್ಟಿದೆ ಅನ್ನೋದನ್ನೂ ನೋಡಿಕೊಳ್ಳಿ. ದಿನಕ್ಕೆ ಮೂರು ಪಾರ್ಸಲ್ ಕಳಿಸಲು ಆಗುವ ಮನೆಗೆ ಐದು ಆರ್ಡರ್ ಬಂದರೆ ತಡವಾಗುತ್ತದೆ, ತಡವಾದವರು ಮತ್ತೆ ತರಿಸುವುದಿಲ್ಲ. ಆಗ ಖರ್ಚು ಕಡಿಮೆ ಬಿದ್ದಿದ್ದರೂ ಆ್ಯಡ್ ನಿಲ್ಲಿಸುವುದೇ ಸರಿ.

ನಿಲ್ಲಿಸುವಾಗ

ಆ್ಯಡ್ ಹಾಕುವಾಗಲೇ ಕೊನೆಯ ತಾರೀಖು ತುಂಬಿ. ತಾರೀಖು ಇಲ್ಲದ ಆ್ಯಡ್ ಕಾರ್ಡ್‌ನಲ್ಲಿ ಅಥವಾ ಖಾತೆಯಲ್ಲಿ ದುಡ್ಡು ಇರುವವರೆಗೆ ಓಡುತ್ತಲೇ ಇರುತ್ತದೆ, ಫೋನಿನಿಂದ ಆ್ಯಪ್ ತೆಗೆದುಹಾಕಿದರೂ ನಿಲ್ಲುವುದಿಲ್ಲ. ಪಾವತಿಯ ಸೆಟ್ಟಿಂಗ್‌ನಲ್ಲಿ Account spending limit ಅಂತ ಇದೆ. ಅಲ್ಲಿ ಒಟ್ಟು ಇಷ್ಟೇ ಅಂತ ಬರೆದಿಟ್ಟರೆ ಅದನ್ನು ದಾಟುವುದಿಲ್ಲ. ಇನ್ನೊಂದು ವಿಷಯ, ದಿನಕ್ಕೆ ₹200 ಅಂದರೆ ಪ್ರತಿ ದಿನವೂ ಸರಿಯಾಗಿ ₹200 ಅಲ್ಲ. ಒಂದು ದಿನ ಜಾಸ್ತಿ, ಇನ್ನೊಂದು ದಿನ ಕಡಿಮೆ ಆಗಬಹುದು, ವಾರದ ಲೆಕ್ಕದಲ್ಲಿ ಏಳು ಪಟ್ಟು ದಾಟುವುದಿಲ್ಲ. ಒಂದು ದಿನದ ಖರ್ಚು ನೋಡಿ ಗಾಬರಿಯಾಗಬೇಡಿ.

ನಿಲ್ಲಿಸಿದ ಮೇಲೆ ಆ್ಯಡ್ ಲೇಬಲ್ ಇರುವ ಚಾಟ್‌ಗಳನ್ನು ಅಳಿಸಬೇಡಿ. 90 ದಿನ ಆದ ಮೇಲೆ ಅವೇ ಬೇಕು. ನಾವು ಮೊದಲ ಎರಡು ಸುತ್ತಿನ 31 ಹೊಸ ಗಿರಾಕಿಗಳನ್ನು ಹೀಗೆ ತೆಗೆದು ನೋಡಿದೆವು. 90 ದಿನದಲ್ಲಿ ಅವರಿಂದ 10 ಆರ್ಡರ್ ಮತ್ತೆ ಬಂದಿದ್ದವು. ₹2,000 ಉಳಿದಿದೆ, 31ಕ್ಕೆ ಹಂಚಿದರೆ ತಲಾ ₹64. ಅಂದಾಜಿನಲ್ಲಿ ಹಿಡಿದ ₹55ಕ್ಕಿಂತ ಸ್ವಲ್ಪ ಜಾಸ್ತಿ, ಬಾಯಿಮಾತಿನಿಂದ ಬಂದವರ ₹110ಕ್ಕಿಂತ ಬಹಳ ಕಡಿಮೆ. ವೈನಿ ಮೊದಲ ಪುಟದ ₹255 ಹೊಡೆದುಹಾಕಿ, ಪಕ್ಕದಲ್ಲಿ ₹264 ಅಂತ ಬರೆದರು. ಮುಂದಿನ ಆ್ಯಡ್ ಆ ಅಂಕಿಯ ಮೇಲೆ ಓಡುತ್ತದೆ.